ಕೊನೆಯ ಸಾಲಿಗೆ ಹಾಕಿದ ಸಹಿ

ನಾನು ಮಾಡಿದ ದಡ್ಡತನ ಇಷ್ಟೇ: ಲೆಕ್ಕಪಟ್ಟಿಯ ಕೊನೆಯ ಸಾಲನ್ನಷ್ಟೇ ನೋಡಿ ಸಹಿ ಹಾಕಿದೆ. ಇಂಡಿ ತಾಲ್ಲೂಕಿನ ನಮ್ಮ ಸಹಕಾರಿ ಸಂಘದ ಉಳಿತಾಯ ಖಾತೆಗಳೆಲ್ಲ ಹಳೆಯ ಕಂಪ್ಯೂಟರಿನಿಂದ ಹೊಸ ಇಆರ್‌ಪಿ ಸಾಫ್ಟ್‌ವೇರಿಗೆ ಹೋಗಿದ್ದವು. ತಾಳೆ ನೋಡುವುದು ನನ್ನ ಕೆಲಸ. ಎರಡೂ ಕಡೆ ಒಟ್ಟು ಮೊತ್ತ ಪೈಸೆಗೆ ಪೈಸೆ ಕೂಡಿತು. ದಿಲ್ಲಿ ಗೆದ್ದವನಂತೆ ಎಲ್ಲರಿಗೂ ಚಹಾ ತರಿಸಿದೆ.

ಮರುದಿನ ತಾಂಬಾದ ಕುರಿ ಕಾಯುವ ಅಜ್ಜಿ ಮಗಳ ಹೆರಿಗೆಗೆಂದು ಹಣ ತೆಗೆಯಲು ಬಂದರೆ ಆಕೆಯ ಖಾತೆಯೇ ಇಲ್ಲ! ಅದೇ ಊರಿನ, ಅದೇ ಹೆಸರಿನ ಇನ್ನೊಬ್ಬಾಕೆಯ ಖಾತೆಗೆ ಅಜ್ಜಿಯ ಹಣ ಸೇರಿಬಿಟ್ಟಿತ್ತು. ಸಾಫ್ಟ್‌ವೇರ್ ಕಂಪನಿಯವನು ಹೆಸರು, ಊರು ನೋಡಿ ಇಬ್ಬರನ್ನೂ ಒಬ್ಬಳನ್ನಾಗಿ ಮಾಡಿದ್ದ. ಅಜ್ಜಿಯ ಎದುರೇ ಅವನಿಗೆ ಫೋನ್ ಮಾಡಿದೆ.

"ಟೋಟಲ್ ಕೂಡೈತಲ್ರಿ ಸರ್. ಸಹಿ ನೀವ ಮಾಡೀರಿ."

ಮೈಯೆಲ್ಲ ಉರಿಯಿತು. "ಟೋಟಲ್ ತಗೊಂಡು ಅಜ್ಜಿ ದವಾಖಾನಿಗೆ ಹೋಗಬೇಕೇನೋ?"

ಆಮೇಲೆ ಖಾತೆಗಳನ್ನು ಎಣಿಸಿದೆ. ಹೊಸದರಲ್ಲಿ ಹನ್ನೊಂದು ಕಡಿಮೆ! ಈ ಎಣಿಕೆಯನ್ನು ಸಹಿಗೆ ಮೊದಲೇ ಮಾಡಬೇಕಿತ್ತು. ಅಜ್ಜಿಯ ಪಾಸ್‌ಬುಕ್ ಹಿಡಿದು, ಹಳೆಯ ಲೆಕ್ಕದೊಂದಿಗೆ ಹೋಲಿಸಿ, ಆಕೆಯ ಖಾತೆಯನ್ನು ಬೇರೆ ಮಾಡಿಸಿ ಹಣ ಕೊಡಿಸಿದೆ. ಉಳಿದ ಹತ್ತರ ಪಟ್ಟಿಯನ್ನೂ ಕಂಪನಿಗೆ ಕಳಿಸಿದೆ.

ಅಜ್ಜಿ ಹಣವನ್ನು ಸೆರಗಿಗೆ ಕಟ್ಟಿಕೊಂಡು ಹೇಳಿದಳು: "ಸಂಜೀಕ ನಾ ಒಂದೊಂದು ಕುರೀದೂ ಮುಖಾ ನೋಡಿ ದೊಡ್ಡಿಗೆ ಬಿಡತೇನಿ. ಎಲ್ಲಾ ಕೂಡಿಸಿ ತೂಕಾ ಹಾಕಂಗಿಲ್ಲೋ ತಮ್ಮಾ."