ಟಿಕೆಟ್ ಅಕ್ಕನ ಪುಸ್ತಕಕ್ಕೆ ಹೆಸರು ಹುಡುಕಿದ್ದು

ಈಜುಕೊಳದ ಬಾಗಿಲ ಪಕ್ಕದ ಕಿಟಕಿಯಲ್ಲಿ ಕೂತು ಟಿಕೆಟ್ ಹರಿದು ಕೊಡುತ್ತಿದ್ದವಳು ಮುಂದೊಂದು ದಿನ ಅದೇ ಕೊಳದಲ್ಲಿ ದೊಡ್ಡವರಿಗೆ ಈಜು ಕಲಿಸುತ್ತಾಳೆ ಎಂದು ಯಾರಾದರೂ ಹೇಳಿದ್ದರೆ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವಳು ಅವಳೇ. ಆದರೆ ಆದದ್ದು ಹಾಗೆಯೇ. ದಿನವಿಡೀ ನೀರಿನ ಪಕ್ಕ ಕೂತು ನೀರಿಗೇ ಹೆದರುವುದೆಂದರೆ ಏನು ನಾಚಿಕೆಗೇಡು ಎಂದು ನಲವತ್ತು ದಾಟಿದ ಮೇಲೆ ತನ್ನ ಮೇಲೆ ತನಗೇ ರೇಗಿ ಹೋಯಿತು. ಇಳಿದಳು, ಕಲಿತಳು, ಪರೀಕ್ಷೆ ಕಟ್ಟಿ ಕಲಿಸುವ ಅರ್ಹತೆಯನ್ನೂ ಗಿಟ್ಟಿಸಿದಳು. ಈಗ ಬೆಳಗಿನ ಹೊತ್ತು ನೆರೆತ ತಲೆಗಳ ಒಂದು ತಂಡ ಅವಳ ಸೀಟಿಯ ಸದ್ದಿಗೆ ಗಡಗಡ ನಡುಗುತ್ತದೆ. ಹೆಸರು ಮಾತ್ರ ಬದಲಾಗಲಿಲ್ಲ. ಎಲ್ಲರಿಗೂ ಅವಳು ಇವತ್ತಿಗೂ ಟಿಕೆಟ್ ಅಕ್ಕನೇ.

ಊರಿನವರಿಗೆಲ್ಲ ಕಲಿಸಿದಳು, ಒಬ್ಬಳನ್ನು ಬಿಟ್ಟು. ಅವಳ ಜೊತೆಗೇ ಇರುವ ದೊಡ್ಡಕ್ಕ, ಒಡಹುಟ್ಟಿದವಳು, ಕೊಳದ ಗೇಟು ದಾಟಿ ಒಂದು ಹೆಜ್ಜೆ ಒಳಗಿಟ್ಟವಳಲ್ಲ. ತಂಗಿ ಮರೆತು ಬಂದ ಊಟದ ಡಬ್ಬಿಯನ್ನು ಗೇಟಿನ ಸರಳುಗಳ ನಡುವೆ ತೂರಿಸಿ ಬಿರಬಿರನೆ ವಾಪಸು ಹೋಗುತ್ತಾಳೆ. ಚಿಕ್ಕವಳಿದ್ದಾಗ ತೊಟ್ಟಿಗೆ ಬಿದ್ದಿದ್ದಳಂತೆ, ಅದೇ ನೆಪ. ತರಕಾರಿಯವನ ಹತ್ತಿರ ಚೌಕಾಸಿಗಿಳಿದರೆ ಹುಲಿ, ಎರಡು ಬಕೆಟ್ಟಿಗಿಂತ ಹೆಚ್ಚು ನೀರು ಕಂಡರೆ ಇಲಿ. ಮಂಡಿ ನೋವಿಗೆ ನೀರಿನಲ್ಲಿ ನಡೆಯಿರಿ ಎಂದು ಡಾಕ್ಟರು ಹೇಳಿ ಹೇಳಿ ಸುಸ್ತಾಗಿದ್ದರು. ತಂಗಿ ಎದುರಿಗೆ ನಿಂತು ಹೇಳಿದ್ದೊಂದೂ ತಲೆಗೆ ಹೋಗಲಿಲ್ಲ. ಓದಿದರಾದರೂ ಹೋಗಬಹುದು ಎಂದುಕೊಂಡು ಟಿಕೆಟ್ ಅಕ್ಕ ಅಡುಗೆಮನೆಯ ಮೇಜಿನ ಮೇಲೆ ಪುಸ್ತಕ ಬರೆಯಲು ಕೂತಳು. ಅಕ್ಕನಂಥವರು ಊರಿಗೆ ಎಷ್ಟು ಜನವಿಲ್ಲ! ಅವರೆಲ್ಲರಿಗೂ ಸಿಗಬೇಕು, ಮೊದಲು ಅಕ್ಕನಿಗೆ ಸಿಗಬೇಕು.

ಪುಸ್ತಕ ಬೋಗುಣಿಯಲ್ಲಿ ಮುಖ ಅದ್ದುವುದರಿಂದ ಶುರುವಾಗಿ, ಕೊಳದ ಆಳವಿಲ್ಲದ ತುದಿಯನ್ನು ಅಡ್ಡಕ್ಕೆ ದಾಟುವಲ್ಲಿಗೆ ಮುಗಿಯುತ್ತಿತ್ತು. ಆಮೇಲಿನದಕ್ಕೆ ಪಕ್ಕದಲ್ಲಿ ಕಲಿಸುವವರು ಇರಲೇಬೇಕು, ಪುಸ್ತಕ ನಂಬಿ ಹೋಗಬೇಡಿ ಎಂದು ಕೊನೆಯ ಪುಟದಲ್ಲಿ ಗದರಿಸಿಯೇ ಬರೆದಿದ್ದಳು. ಅಷ್ಟೆಲ್ಲ ನೇರವಾಗಿ ಬರೆದವಳಿಗೆ ಹೆಸರಿಡುವ ಹೊತ್ತಿಗೆ ಅದೇನು ಗಾಳಿ ಬಡಿಯಿತೋ, 'ಅಲೆಗಳ ಮಡಿಲಲ್ಲಿ' ಎಂದಿಟ್ಟು ಕಣ್ಣಲ್ಲಿ ನೀರು ತಂದುಕೊಂಡಳು.

ಪ್ರಕಾಶಕರ ಕಚೇರಿ ಸ್ಟೇಷನರಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಅವರು ಹೆಸರು ಓದಿ ಕನ್ನಡಕ ತೆಗೆದರು.

"ಅಕ್ಕಾ, ನಿಮ್ಮ ಕೊಳದಲ್ಲಿ ಅಲೆ ಎಲ್ಲಿಂದ ಬಂತು?"

"ದಪ್ಪಗಿರೋರು ಧುಮುಕಿದ್ರೆ ಬರುತ್ತೆ ಸಾರ್."

ಅವರು ಬಿದ್ದು ಬಿದ್ದು ನಕ್ಕು, ಪುಸ್ತಕ ಮಾರುವ ಜಾಲತಾಣವನ್ನು ಫೋನಿನಲ್ಲಿ ತೆರೆದು ಕೈಗೆ ಕೊಟ್ಟರು. ಆ ಹೆಸರು ಹಾಕಿ ಹುಡುಕಿದರೆ ಬಂದದ್ದೆಲ್ಲ ಕವನ ಸಂಕಲನಗಳು, ಒಂದೆರಡು ಪ್ರೇಮ ಕಾದಂಬರಿಗಳು. ಈಜು ಕಲಿಯಬೇಕೆನ್ನುವವರು ಅಲೆ, ಮಡಿಲು ಎಂದೆಲ್ಲ ಹುಡುಕುತ್ತಾರೆಯೇ? ಟಿಕೆಟ್ ಅಕ್ಕನ ಮುಖ ಸಪ್ಪಗಾಯಿತು.

"ಹಂಗಾದ್ರೆ 'ಏಳು ದಿನದಲ್ಲಿ ಈಜು' ಅಂತ ಇಡೋಣ. ಬಿಸಿ ಬಿಸಿಯಾಗಿ ಖರ್ಚಾಗುತ್ತೆ," ಎಂದರು ಪ್ರಕಾಶಕರು.

ಅಷ್ಟೇ ಸಾಕಾಯಿತು. "ಏಳು ದಿನಕ್ಕೆ ನನ್ನ ಶಿಷ್ಯರು ಬಟ್ಟೆ ಬದಲಾಯಿಸೋ ಕೋಣೆಯಿಂದ ಆಚೆ ಬಂದ್ರೆ ಅದೇ ಹೆಚ್ಚು! ಎಂಟನೇ ದಿನ ಯಾರೋ ಪಾಪ, ನನಗೆ ಬರುತ್ತೆ ಅಂತ ಕೆರೆಗೆ ಹಾರ್ತಾರೆ. ಆಗ ನೀವು ಎತ್ತಕ್ಕೆ ಹೋಗ್ತೀರಾ?"

"ನನಗೆ ಈಜು ಬರಲ್ಲ ಅಕ್ಕಾ," ಎಂದು ಅವರು ಕೈ ಮುಗಿದರು. ಜಗಳ ಅಲ್ಲಿಗೆ ನಿಂತಿತು. ಇಬ್ಬರೂ ಸೇರಿ, ಹೆದರಿಕೊಂಡವರು ಏನೆಂದು ಹುಡುಕಬಹುದೋ ಅದನ್ನೆಲ್ಲ ಒಂದೊಂದಾಗಿ ಹಾಕಿ ನೋಡಿದರು. ಎರಡು ಪದ ಒತ್ತುವಷ್ಟರಲ್ಲಿ ಉಳಿದದ್ದನ್ನು ಫೋನೇ ಸೂಚಿಸುತ್ತಿತ್ತು: ನೀರಿನ ಭಯ ಹೋಗಲು ಏನು ಮಾಡಬೇಕು, ದೊಡ್ಡವರು ಈಜು ಕಲಿಯುವುದು ಹೇಗೆ. ಅಂದರೆ ಜನ ಕೇಳುತ್ತಿರುವುದು ಇದನ್ನೇ. ಸರಿ, 'ನೀರಿಗೆ ಹೆದರುವವರಿಗೆ ಈಜು' ಎಂದು ದಪ್ಪಕ್ಷರದಲ್ಲಿ ಹಾಕಿ ಒಂದು ಮಾದರಿ ಪ್ರತಿ ಮಾಡಿಸಿದರು. ಸುಳ್ಳಿಲ್ಲ, ಹುಡುಕಿದರೆ ಸಿಗುತ್ತದೆ, ಇನ್ನೇನು ಬೇಕು?

ಆ ಪ್ರತಿಯನ್ನು ಅವಳು ಮನೆಯಲ್ಲಿ ದೊಡ್ಡಕ್ಕ ಕೂರುವ ಕುರ್ಚಿಯ ಮೇಲೆ, ಏನೂ ಅರಿಯದವಳ ಹಾಗೆ ಬಿಟ್ಟು ಹೋದಳು. ಸಂಜೆ ಬಂದು ನೋಡಿದರೆ ಅಕ್ಕ ಓದುತ್ತಿದ್ದಾಳೆ! ಅರ್ಧ ಪುಸ್ತಕ ಮುಗಿದಿದೆ! ಹಿಗ್ಗಿ ಹೀರೇಕಾಯಿ ಆಗಬೇಕೆನ್ನುವಷ್ಟರಲ್ಲಿ ಕಣ್ಣಿಗೆ ಬಿದ್ದದ್ದು ರಟ್ಟು. ಶಾಲೆಯ ಪುಸ್ತಕಕ್ಕೆ ಹಾಕುವ ಹಾಗೆ ಹಳೆಯ ಕ್ಯಾಲೆಂಡರಿನ ಹಾಳೆ ಹಾಕಿ ಮುಚ್ಚಿಬಿಟ್ಟಿದ್ದಾಳೆ.

"ಇದ್ಯಾಕೆ ಅಕ್ಕಾ ಹೊದಿಕೆ?"

"ಎದುರು ಮನೆಯವಳು ಬಂದಿದ್ಲು ಕಣೇ. ನಾನು ಹೆದರುಪುಕ್ಕಲಿ ಅಂತ ಹಣೆ ಮೇಲೆ ಬರ್ಕೊಂಡು ಕೂತ್ಕೊಳ್ಳಾ? ಒಳಗೆ ಚೆನ್ನಾಗೇ ಬರೆದಿದ್ದೀಯ. ಆದ್ರೆ ಇದನ್ನ ಕೈಯಲ್ಲಿ ಹಿಡ್ಕೊಂಡು ನಿನ್ನ ಕೊಳಕ್ಕೆ ಬರ್ತೀನಾ? ಮಾನ ಇದೆ ನನಗೆ."

"ಮತ್ತೆ ಅಂಗಡೀಲಿ ಕಂಡಿದ್ರೆ ತಗೊಳ್ತಿರಲಿಲ್ವಾ?"

"ಫೋನಲ್ಲಾದ್ರೆ ಏನು ಬೇಕಾದ್ರೂ ಹುಡುಕ್ತೀನಿ, ಯಾರು ನೋಡ್ತಾರೆ? ಅಂಗಡಿಯವನ ಮುಂದೆ ಇದನ್ನ ಎತ್ಕೊಂಡು ಹೋಗ್ಲಾ? ಹೋಗೇ."

ಟಿಕೆಟ್ ಅಕ್ಕನಿಗೆ ಎದೆಯೊಳಗೆ ಚುರ್ ಎಂದಿತು. ಅಕ್ಕನ ಮೇಲೆ ಸಿಟ್ಟಲ್ಲ, ತನ್ನ ಮೇಲೆ. ಭಯ ಏನೆಂದು ಗೊತ್ತಿದ್ದೂ ಅದರ ಬೆನ್ನಿಗಂಟಿದ ನಾಚಿಕೆಯನ್ನು ಹೇಗೆ ಮರೆತೆ? ಮರುದಿನ ತರಗತಿ ಮುಗಿದದ್ದೇ, ಒದ್ದೆ ಕೂದಲಲ್ಲೇ ಮಹಡಿ ಹತ್ತಿದಳು.

"ಸಾರ್, ಹುಡುಕೋಕೆ ಬೇಕಾಗಿರೋ ಮಾತೇ ಬೇರೆ, ಕೈಯಲ್ಲಿ ಹಿಡ್ಕೊಳ್ಳೋಕೆ ಬೇಕಾಗಿರೋ ಮಾತೇ ಬೇರೆ. ಎರಡನ್ನೂ ಒಂದೇ ಕಡೆ ತುರುಕಿದ್ವಿ."

ಪ್ರಕಾಶಕರು ಮೇಜು ತಟ್ಟಿದರು. "ಹುಡುಕೋ ಮಾತು ಉಪಶೀರ್ಷಿಕೆಗೆ ಹೋಗ್ಲಿ. ರಟ್ಟಿನ ಮೇಲೆ ಸಣ್ಣಕ್ಷರ, ದೂರದಿಂದ ಯಾರೂ ಓದಲ್ಲ. ಜಾಲತಾಣದಲ್ಲಿ ಹೆಸರಿನ ಜೊತೆ ಉಪಶೀರ್ಷಿಕೇನೂ ಪೂರ್ತಿ ತುಂಬಿಸ್ತೀವಿ, ಹುಡುಕಿದೋರಿಗೆ ಅದರಿಂದಾನೇ ಸಿಗುತ್ತೆ. ಆದ್ರೆ ದೊಡ್ಡಕ್ಷರಕ್ಕೆ ಏನಿಡೋದು? ನಿಮ್ಮಲ್ಲಿಗೆ ಹೊಸದಾಗಿ ಬಂದೋರು ಮೊದಲು ಏನು ಕೇಳ್ತಾರೆ?"

"ಇನ್ನೇನು ಕೇಳ್ತಾರೆ? ನೆಲಕ್ಕೆ ಕಾಲು ಎಟುಕುತ್ತಾ, ಕಾಲು ಸಿಗುತ್ತಾ ಅಂತಾರೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. 'ಕಾಲು ಸಿಗುವಷ್ಟು ನೀರು.' ಹುಡುಕಿ ನೋಡಿದರು, ಆ ಹೆಸರಿನ ಬೇರೆ ಪುಸ್ತಕ ಕಾಣಲಿಲ್ಲ. ಮುಖಪುಟವನ್ನು ಫೋನಿನಲ್ಲಿ ಅಂಚೆಚೀಟಿಯಷ್ಟು ಕುಗ್ಗಿಸಿದರೂ ಹೆಸರು ಓದಲು ಬಂತು. ಕೆಳಗೆ 'ನೀರಿನ ಭಯವಿರುವ ದೊಡ್ಡವರಿಗೆ ಈಜಿನ ಮೊದಲ ಪಾಠಗಳು' ಎಂದು ಬರೆದರು. 'ಮೊದಲ' ಎನ್ನುವಲ್ಲಿ 'ಸಂಪೂರ್ಣ' ಎಂದು ಹಾಕಲು ಪ್ರಕಾಶಕರಿಗೆ ಕೈ ತುರಿಸುತ್ತಿತ್ತು. ಅವಳು ದುರುಗುಟ್ಟಿ ನೋಡಿದಳು, ಅವರು ಪೆನ್ನು ಮುಚ್ಚಿದರು. ಬೆಳಗಿನ ತಂಡಕ್ಕೆ ಒಮ್ಮೆ ಮಾತ್ರ ಹೆಸರು ಹೇಳಿ, ಎರಡು ದಿನ ಬಿಟ್ಟು ಕೇಳಿದಳು. ಕನ್ನಡಕ ಎಲ್ಲಿಟ್ಟೆ ಎಂದು ದಿನಾ ಹುಡುಕುವ ನಿವೃತ್ತ ಮೇಷ್ಟ್ರು ಕೂಡ ತಡವರಿಸದೆ ಹೇಳಿದರು.

ಪುಸ್ತಕ ಅಚ್ಚಾಗಿ ಬಂತು. ಮನೆಗೊಂದು ಪ್ರತಿ ತಂದಿಟ್ಟಳು, ಒಂದು ಮಾತೂ ಆಡಲಿಲ್ಲ. ಆ ಬಾಯಿಗೆ ಅದೆಷ್ಟು ಕಷ್ಟವಾಯಿತೋ, ಅವಳನ್ನೇ ಕೇಳಬೇಕು.

ಒಂದು ಬೆಳಿಗ್ಗೆ ತಂಡದವರೆಲ್ಲ ಹೊರಟ ಮೇಲೆ ಕೊಳದ ಅಂಚಿನಲ್ಲಿ ಯಾರೋ ನಿಂತ ಹಾಗಾಯಿತು. ತಿರುಗಿ ನೋಡಿದರೆ ದೊಡ್ಡಕ್ಕ. ಎಲ್ಲಿಂದಲೋ ಹೊಂದಿಸಿಕೊಂಡ ಈಜುಡುಗೆ, ಅದರ ಮೇಲೆ ಟವೆಲ್ಲು, ಕಂಕುಳಲ್ಲಿ ಎಲ್ಲರಿಗೂ ಕಾಣುವ ಹಾಗೆ ಪುಸ್ತಕ.

"ಏನೇ, ಇದರ ಮೇಲೆ ಬರೆದಿರೋದು ನಿಜ ತಾನೇ?"

"ನಿಜ ಅಕ್ಕಾ."

"ಸುಳ್ಳಾದ್ರೆ ನೋಡು, ಜನ್ಮದಲ್ಲಿ ನಿನ್ನ ಜೊತೆ ಮಾತಾಡಲ್ಲ."

ಕಂಬಿ ಹಿಡಿದು ಒಂದು ಮೆಟ್ಟಿಲು ಇಳಿದಳು. ಇನ್ನೊಂದು. ತಂಗಿ ಕೈ ಚಾಚಿದರೆ ತಳ್ಳಿಬಿಟ್ಟಳು. ಕೊನೆಯ ಮೆಟ್ಟಿಲಿನಿಂದ ಕಾಲನ್ನು ಕೆಳಗೆ ಬಿಟ್ಟು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಬೆರಳಿನಲ್ಲಿ ನೆಲವನ್ನು ತಡಕಿದಳು. ನೀರು ಸೊಂಟದ ಹತ್ತಿರ ಬಂದು ನಿಂತಿತು.

ದೊಡ್ಡಕ್ಕ ಕಣ್ಣು ತೆರೆದಳು.

"ಸಿಕ್ತು ಕಣೇ!"