ಹಿಂಬದಿಯಿಲ್ಲದ ಲಗ್ನಪತ್ರಿಕೆ

ಗೋಕಾಕದ ಆ ಛಾಪಖಾನೆಯಲ್ಲಿ ಅಕ್ಷರ ಜೋಡಿಸುತ್ತಿದ್ದವರು ಯಾವ ಹಾಳೆಯನ್ನಾದರೂ ಮೊದಲು ಕಿಟಕಿಗೆ ಹಿಡಿಯುತ್ತಿದ್ದರು. "ಬೆಳಕಿಗೆ ಹಿಡದ ನೋಡ್ರಿ," ಅನ್ನುವುದು ಅವರ ಮಾತು. ಸೀಸದ ಉಲ್ಟಾ ಅಕ್ಷರಗಳನ್ನು ಬೆರಳಲ್ಲೇ ಓದುತ್ತಿದ್ದರು.

ನನ್ನ ಲಗ್ನಪತ್ರಿಕೆಯ ಕರಡು ತಿದ್ದಲು ಅಪ್ಪ ನನ್ನನ್ನೇ ಕರೆದೊಯ್ದಿದ್ದರು. ನಮ್ಮ ಮನೆಯಲ್ಲಿ ಮರಾಠಿ ಓದಲು ಬರುತ್ತಿದ್ದುದು ನನಗೊಬ್ಬಳಿಗೇ. ಸಂಕೇಶ್ವರದ ಮರಾಠಿ ಬೀಗರೂ ಬಂದು ಕೂತಿದ್ದರು. ಕರಡಿನಲ್ಲಿ ಮುಂಬದಿಗೆ ಕನ್ನಡ, ಹಿಂಬದಿಗೆ ಮರಾಠಿ ಇತ್ತು.

"ನಮ್ಮ ಮರಾಠಿ ಹಿಂದ ಬಂದ್ರ ಈ ಲಗ್ನಾನ ಬ್ಯಾಡ್ರಿ," ಎಂದರು ಬೀಗರು.

"ಕನ್ನಡ ಹಿಂದ ಹೋದ್ರ ನಮ್ಮ ಮಂದಿ ಒಪ್ಪೂದಿಲ್ರಿ," ಎಂದರು ಅಪ್ಪ. ಅಕ್ಷರ ಜೋಡಿಸುವವರು, "ಮೂರು ದಿನ ಬಿಟ್ಟು ಬರ್ರಿ," ಎಂದಷ್ಟೇ ಹೇಳಿದರು.

ಹೂಬಳ್ಳಿ ಅಂಚಿನ ಅಚ್ಚು ಅವರಲ್ಲಿದ್ದದ್ದು ಒಂದೇ ಜೊತೆ. ತೆಳು ಗುಲಾಬಿ ಹಾಳೆಗೆ ಕನ್ನಡ ಒತ್ತಿ ಒಣಹಾಕಿದರು. ಆಮೇಲೆ ಬಳ್ಳಿಯನ್ನೂ ಮೇಲಿನ ಗಣಪತಿಯನ್ನೂ ಚೌಕಟ್ಟಿನಲ್ಲಿ ಕದಲಿಸದೆ, ನಡುವಿನ ಅಕ್ಷರ ಮಾತ್ರ ತೆಗೆದು ಮರಾಠಿ ಕೂಡಿಸಿ, ಹಾಳೆ ಮಗುಚಿ ಒತ್ತಿದರು.

ಮೂರು ದಿನ ಬಿಟ್ಟು ಬಂದ ಬೀಗರು ಅದನ್ನು ಬೆಳಕಿಗೆ ಹಿಡಿದರು. ಬಳ್ಳಿಯ ಮೇಲೆ ಬಳ್ಳಿ ಕೂತಿತ್ತು. ಎರಡೂ ಭಾಷೆ ಒಂದರೊಳಗೊಂದು ತೇಲುತ್ತಿದ್ದವು.

"ಇದರಾಗ ಮುಂದಿಂದು ಯಾವುದ್ರಿ?"

"ಅರಿಷಿಣ ಹಚ್ಚಿದ್ದು ಮುಂದಿಂದ್ರಿ," ಎಂದ ಅಕ್ಷರ ಜೋಡಿಸುವವರು ನನ್ನತ್ತ ತಿರುಗಿದರು. "ತಂಗಿ, ಅರಿಷಿಣ ತೆಳ್ಳಗ ಕಲಸವಾ."

ಹಾಗೆಯೇ ಕಲಸಿದೆ. ನಾಲ್ಕು ಮೂಲೆಗೆ ಹಚ್ಚಿದ ಅರಿಷಿಣ ಹಾಳೆ ದಾಟಿ ಆಚೆಯ ಮೂಲೆಗಳಲ್ಲೂ ಹಳದಿಯಾಗಿ ಅರಳಿತು.

ಯಾವ ಬದಿಗೆ ಹಚ್ಚಿದೆ ಎಂದು ನಮ್ಮ ಯಜಮಾನರು ಇಂದಿಗೂ ಕೇಳುತ್ತಾರೆ.

"ಬೆಳಕಿಗೆ ಹಿಡದ ನೋಡ್ರಿ," ಅನ್ನುತ್ತೇನೆ.