ಖಾಲಿ ಕಂಡ ಮೆಸೇಜು

ಸಹಾಯವಾಣಿ ಕಚೇರಿಯಲ್ಲಿ ಅವಳನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಮನೆಯಲ್ಲಿ ಏಟು ತಿನ್ನುವ ಹೆಂಗಸರ ಮೆಸೇಜುಗಳನ್ನು ಓದಿ ಓದಿ ಅವಳ ನಾಲಿಗೆ ಹರಿತವಾಗಿತ್ತು. ಕರುಳು ಮಾತ್ರ ಮೆತ್ತಗೇ ಉಳಿದಿತ್ತು, ಪಾಪ.

ಅವಳ ಮೈ ಉರಿಸುತ್ತಿದ್ದುದು ಖಾಲಿ ಮೆಸೇಜುಗಳು. ಬರೀ ಸ್ಪೇಸ್ ಒತ್ತಿ ಕಳಿಸಿದ್ದನ್ನು ಕಂಪ್ಯೂಟರೇ ತಡೆಯುತ್ತಿತ್ತು. ಆದರೆ ಅಗಲವೇ ಇಲ್ಲದ, ಕಣ್ಣಿಗೆ ಕಾಣದ ಅಕ್ಷರವೊಂದಿದೆ. ಕಂಪ್ಯೂಟರಿನ ಲೆಕ್ಕದಲ್ಲಿ ಅದು ಸ್ಪೇಸ್ ಅಲ್ಲ, ನುಸುಳಿ ಬಂದುಬಿಡುತ್ತದೆ. ಕೆಲಸವಿಲ್ಲದವರು ಅದನ್ನು ಎಲ್ಲಿಂದಲೋ ಕಾಪಿ ಮಾಡಿ ತಮಾಷೆಗೆ ಕಳಿಸುತ್ತಿದ್ದರು. "ಇವರ ಮನೆ ಹಾಳಾಗ" ಎಂದು ದೊಡ್ಡಕ್ಕ ದಿನಾ ಗೊಣಗುತ್ತಿದ್ದಳು.

ಒಂದೇ ಒಂದು ನಂಬರಿನ ಖಾಲಿ ಮೆಸೇಜಿಗೆ ಮಾತ್ರ ಬೆಳಿಗ್ಗೆ ಬಂದವಳೇ ಕಾಯುತ್ತಿದ್ದಳು. ಆ ಹೆಣ್ಣುಮಗಳು ಮೊದಲು ಬರೆದಿದ್ದಳು: "ಅಕ್ಕಾ, ನನ್ನ ಫೋನ್ ಅವರು ನೋಡ್ತಾರೆ. ನಿಮ್ಮ ನಂಬರ್‌ನ ಟೈಲರ್ ಅಂತ ಸೇವ್ ಮಾಡಿದೀನಿ. ಕಾಣದ ಅಕ್ಷರ ಕಳಿಸೋದು ಮಗಳು ಹೇಳ್ಕೊಟ್ಟಿದಾಳೆ. ದಿನಾ ಬೆಳಿಗ್ಗೆ ಅದು ಬಂದ್ರೆ ಉಳಿದಿದೀನಿ ಅಂತ. ಬರದಿದ್ರೆ ಪೊಲೀಸರನ್ನ ಕಳಿಸಿ. ನೀವು ಮಾತ್ರ ಏನೂ ಬರೀಬೇಡಿ." ಕೆಳಗೆ ಮನೆಯ ವಿಳಾಸವಿತ್ತು. ಒಬ್ಬರ ಗುಟ್ಟು ಇನ್ನೊಬ್ಬರಿಗೆ ಹೇಳಬಾರದೆಂಬುದು ಕಚೇರಿಯ ಕಟ್ಟುನಿಟ್ಟು. ದೊಡ್ಡಕ್ಕ ಪಕ್ಕದ ಕುರ್ಚಿಯವಳಿಗೂ ಹೇಳಿರಲಿಲ್ಲ.

ಒಂದು ದಿನ ಅದು ಬರಲಿಲ್ಲ. ಮಧ್ಯಾಹ್ನವಾಯಿತು, ಆಗಲೂ ಇಲ್ಲ. ಕೇಳೋಣವೆಂದರೆ ಬರೆಯುವಂತಿಲ್ಲ. ಊಟದ ಡಬ್ಬಿ ಮುಚ್ಚಿಟ್ಟು ಪೊಲೀಸರಿಗೆ ಫೋನ್ ಮಾಡಿದಳು.

ಸಂಜೆ ಪೇದೆ ಹೇಳಿದ: "ಏನೂ ಆಗಿಲ್ಲ ಮೇಡಂ. ಗಂಡನೇ ಬಾಗಿಲು ತೆಗೆದ್ರು. ಆಯಮ್ಮ ಹಿಂದೆ ನಿಂತು ಏನಿಲ್ಲ, ಏನಿಲ್ಲ ಅಂದ್ರು. ಸಹಾಯವಾಣಿಯಿಂದ ದೂರು ಬಂತು ಅಂತ ಹೇಳಿ ಬಂದ್ವಿ."

"ಅಯ್ಯೋ ಪುಣ್ಯಾತ್ಮ, ಅದನ್ಯಾಕಪ್ಪಾ ಹೇಳಕ್ ಹೋದೆ!"

ಫೋನ್ ಇಡುವಷ್ಟರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು ನಗುತ್ತ ಬಂದ. "ದೊಡ್ಡಕ್ಕಾ, ನಿಮ್ಮ ತಲೆನೋವು ಕಳೀತು. ನಿನ್ನೆ ಹೊಸ ಜರಡಿ ಹಾಕಿದೀನಿ. ಕಾಣದ ಅಕ್ಷರ ಎಲ್ಲ ತೆಗೆದ್ಮೇಲೆ ಏನೂ ಉಳೀದಿದ್ರೆ ಮೆಸೇಜನ್ನೇ ಬಿಸಾಕತ್ತೆ."

"ಬಿಸಾಕಿದ್ದನ್ನ ನೋಡಬಹುದೇನಪ್ಪಾ?"

"ಅದನ್ನ ಉಳಿಸೋದೇ ಇಲ್ವಲ್ಲಕ್ಕಾ. ಯಾಕೆ?"

ಅವನನ್ನು ಬೈಯಬೇಕೆಂದು ಬಾಯಿ ತೆರೆದಳು. ಆದರೆ ದಿನಾ ಗೊಣಗಿದ್ದು ಅವಳೇ ಅಲ್ಲವೇ? "ತೆಗೀಪ್ಪ ಅದನ್ನ, ಈಗಲೇ ತೆಗಿ" ಎಂದಳು. ಮತ್ತೆ ಕಾರಣ ಕೇಳದೆ ಅವನು ತೆಗೆದ.

ಎಲ್ಲರೂ ಹೊರಟರೂ ಅವಳು ಕುರ್ಚಿ ಬಿಡಲಿಲ್ಲ. ಕಡೆಗೆ ಆ ನಂಬರಿನಿಂದ ಮೆಸೇಜು ಬಂತು. ಈ ಸಲ ಅದು ಖಾಲಿಯಿರಲಿಲ್ಲ.

"ಟೈಲರ್ ಅವರೇ, ನಮ್ಮನೇಲಿ ಇನ್ನು ಹೊಲಿಸೋದು ಏನೂ ಇಲ್ಲ."